ಮೊದಲು ಮನುಷ್ಯರು, ಆಮೇಲೆ ಹೋಮ್ ಪೇಜು!

ಹುಣಸೂರಿನಂಥ ಊರಲ್ಲಿ ಯಾರಾದ್ರೂ ಮಹಡಿ ಮೇಲೆ ಹತ್ತು ಮೇಜು ಹಾಕಿ, ಇಂಟರ್ನೆಟ್ ಎಳೆಸಿ, ಕೋ-ವರ್ಕಿಂಗ್ ಜಾಗ ಅಂತ ಬಾಡಿಗೆಗೆ ಕೊಡ್ತೀನಿ ಅಂದ್ರೆ ಸಾಕು, ವೆಬ್‌ಸೈಟ್ ಮಾಡೋ ನಮ್ಮಂಥವರು ತಕ್ಷಣ ಪೇಜು ಬರೆಯೋಕೆ ಕೂರ್ತೀವಿ. ಹೋಮ್, ಅಬೌಟ್ ಅಸ್, ಗ್ಯಾಲರಿ, ಕಮ್ಯುನಿಟಿ, ಕಾಂಟ್ಯಾಕ್ಟ್. ಕೋರಮಂಗಲದ ಯಾವುದೋ ಸೈಟಿನ ಪಡಿಯಚ್ಚು. ಇದು ಕೆಲಸವಲ್ಲ ಸ್ವಾಮಿ, ನಕಲು!

"ಪರ್ಸೋನಾ ಮಾಡಿದ್ವಲ್ಲ" ಅಂತ ಕೆಲವರು ಹೇಳ್ತಾರೆ. ಏನದು ನೋಡಿದ್ರೆ: ರಾಹುಲ್, 32 ವರ್ಷ, ಕಾಫಿ ಪ್ರಿಯ, ನೆಟ್‌ವರ್ಕಿಂಗ್ ಇಷ್ಟ. ಪರ್ಸೋನಾ ಅನ್ನೋ ವಿಚಾರವನ್ನ ಅಲನ್ ಕೂಪರ್ 1999ರ ತನ್ನ ಪುಸ್ತಕದಲ್ಲಿ ಜನಪ್ರಿಯ ಮಾಡಿದ. ಅದು ನಿಜವಾದ ಬಳಕೆದಾರರ ಜೊತೆ ಮಾತಾಡಿ ಕಟ್ಟಬೇಕಾದ ಪಾತ್ರ, ಎ.ಸಿ. ರೂಮಲ್ಲಿ ಕೂತು ಹೊಸೆಯೋ ಕಥೆ ಅಲ್ಲ. ಸುಳ್ಳು ಪಾತ್ರವನ್ನ ಪತ್ತೆ ಮಾಡೋದು ಸುಲಭ. ಹುಣಸೂರು ಅನ್ನೋದನ್ನ ಅಳಿಸಿ ಇಂದಿರಾನಗರ ಅಂತ ಬರೀರಿ. ಉಳಿದಿದ್ದೇನೂ ಬದಲಾಗಬೇಕಾಗಿಲ್ಲ ಅಂದ್ರೆ ಆ ಪಾತ್ರ ಸುಳ್ಳು.

ಹಾಗಾದ್ರೆ ಜನರನ್ನ ಏನು ಕೇಳಬೇಕು? "ಇಂಥ ಜಾಗ ಇದ್ರೆ ಬರ್ತೀರಾ?" ಅಂತ ಮಾತ್ರ ಕೇಳಬೇಡಿ. ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋರು ಕಡಿಮೆ. "ಹೋದ ಸಲ ಮೀಟಿಂಗ್ ಮಧ್ಯೆ ಕರೆಂಟ್ ಹೋದಾಗ ಏನು ಮಾಡಿದ್ರಿ?" ಅಂತ ಕೇಳಿ. ಆಗ ನಿಜ ಹೊರಗೆ ಬರುತ್ತೆ. ಒಂದೇ ಥರದ ಐದಾರು ಜನರ ಹತ್ತಿರ ಮಾತಾಡಿದ ಮೇಲೆ ಉತ್ತರಗಳು ಮರುಕಳಿಸೋಕೆ ಶುರುವಾದ್ರೆ, ಆ ಪಾತ್ರಕ್ಕೆ ಅಷ್ಟು ಸಾಕು.

ಉದಾಹರಣೆಗೆ ಹೀಗೊಂದು ಪಾತ್ರ ಇಟ್ಕೊಳ್ಳಿ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯ ಹುಡುಗಿ, ಮನೆಯಿಂದಲೇ ಕೆಲಸ, ಗಿರಾಕಿಗಳು ನ್ಯೂಯಾರ್ಕಲ್ಲಿ. ಅವರ ಬೆಳಿಗ್ಗೆ 10ರ ಮೀಟಿಂಗ್ ಬೇಸಿಗೆಯಲ್ಲಿ ನಮಗೆ ರಾತ್ರಿ 7:30. ನವೆಂಬರಲ್ಲಿ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ 8:30. ಈಗ ಅವಳ ದಾರಿಯನ್ನ ಹೆಜ್ಜೆ ಹೆಜ್ಜೆಯಾಗಿ ಬರೀರಿ. ಗೆಳತಿಯ ವಾಟ್ಸಾಪ್ ಮೆಸೇಜಿಂದ ವಿಷಯ ತಿಳಿಯುತ್ತೆ. ಫೋನಲ್ಲೇ ಮ್ಯಾಪ್ ತೆಗೀತಾಳೆ. ಬರೋ ಮೊದಲೇ ಫೋನ್ ಮಾಡ್ತಾಳೆ: ರಾತ್ರಿ ಎಷ್ಟು ಹೊತ್ತಿನ ತನಕ ತೆಗೆದಿರುತ್ತೆ? ಕರೆಂಟ್ ಹೋದ್ರೆ ರೂಟರ್ ಕೂಡ ಯುಪಿಎಸ್ ಮೇಲಿರುತ್ತಾ? ಹೆಂಗಸರಿಗೆ ಬೇರೆ ಟಾಯ್ಲೆಟ್ ಇದೆಯಾ? ನಂತರ ಅವರಪ್ಪ ಒಂದು ಸಲ ಬಂದು ನೋಡ್ಕೊಂಡು ಹೋಗ್ತಾರೆ. ನೋಡಿದ್ರಾ, ಒಪ್ಪಿಗೆ ಕೊಡೋರು ನಮ್ಮ ಪಟ್ಟಿಯಲ್ಲೇ ಇರಲಿಲ್ಲ! ಕೊನೆಯ ಹೆಜ್ಜೆ ಮೀಟಿಂಗ್ ಮುಗಿದು ಮನೆ ಸೇರೋದು. ಬೇಸಿಗೆಯಲ್ಲಿ ಸಿಗೋ ಬಸ್ಸು ನವೆಂಬರಲ್ಲಿ ತಪ್ಪಿಹೋಗಬಹುದು.

ಒಂದೊಂದು ಹೆಜ್ಜೆಯ ಎದುರಿಗೂ ಅವಳ ಪ್ರಶ್ನೆ, ಅವಳ ಭಯ, ಅದಕ್ಕೆ ಯಾರು ಉತ್ತರ ಕೊಡ್ತಾರೆ ಅಂತ ಬರೀರಿ. ಪೇಜು ತಾನಾಗೇ ಹುಟ್ಟುತ್ತೆ. ಫೋನಿನ ಒಂದೇ ಪರದೆ, ಮೇಲೆ ಸಮಯ, ಕೆಳಗೆ ಕರೆಂಟ್-ನೆಟ್ ವ್ಯವಸ್ಥೆ, ದಿನದ ಬಾಡಿಗೆ, ಫೋನ್ ಬಟನ್, ಮ್ಯಾಪ್. ಗ್ಯಾಲರಿಯೂ ಕಮ್ಯುನಿಟಿಯೂ ತಾವಾಗೇ ಉದುರಿಹೋಗುತ್ತೆ. ಇನ್ನು "ಬೆಳಿಗ್ಗೆ 9ರಿಂದ ಸಂಜೆ 7" ಅಂತ ಬೋರ್ಡ್ ಹಾಕಿದ್ರೆ ಎಂಥ ವೆಬ್‌ಸೈಟೂ ಅವಳನ್ನ ಕರ್ಕೊಂಡು ಬರಲ್ಲ. ಅದು ಮಾಲೀಕರಿಗೆ ಮೊದಲೇ ಗೊತ್ತಾಗಬೇಕಲ್ವಾ?

ಈಗ ಇನ್ನಿಬ್ಬರನ್ನ ಪಕ್ಕದಲ್ಲಿಡಿ. ಕೆಎಎಸ್ ಪರೀಕ್ಷೆಗೆ ಓದೋ ಹುಣಸೂರಿನ ಹುಡುಗನಿಗೆ ಬೇಕಾಗಿರೋದು ಮೌನ. ಅವಳ ಮೀಟಿಂಗ್ ಅವನಿಗೆ ಶತ್ರು. ಇದನ್ನ ಯಾವ ಪೇಜೂ ಬಗೆಹರಿಸಲ್ಲ, ಬಾಗಿಲು ಇರೋ ಒಂದು ಸಣ್ಣ ಕೋಣೆ ಬಗೆಹರಿಸುತ್ತೆ. ಕಬಿನಿ ನೋಡೋಕೆ ಎಚ್.ಡಿ. ಕೋಟೆಗೆ ಬಂದವನಿಗೆ ಎರಡು ಗಂಟೆ ಮೇಜು ಸಾಕು, ತಿಂಗಳ ಪಾಸ್ ಬೇಡ. ಕೆ.ಆರ್. ನಗರದವರಿಗಂತೂ ಮೈಸೂರಿಗೆ ರೈಲೇ ಇದೆ, ಹುಣಸೂರಿಗೆ ಯಾಕೆ ಬರ್ತಾರೆ? ನಾಲ್ಕು ತಾಲ್ಲೂಕಿಗೆ ಒಂದೇ ಪಾತ್ರ ಅನ್ನೋದು ಸೋಮಾರಿತನ. ಎಲ್ಲರನ್ನೂ ಸಮಾನವಾಗಿ ಮೆಚ್ಚಿಸೋಕೂ ಆಗಲ್ಲ. ಒಬ್ಬರನ್ನ ಮುಖ್ಯ ಪಾತ್ರ ಅಂತ ಆರಿಸಿ, ಮೊದಲು ಅವರ ಕೆಲಸ ಆಗಲಿ.

"ಐದು ಪೇಜಿನ ಸೈಟಿಗೆ ಇಷ್ಟೆಲ್ಲಾ ಬೇಕಾ?" ಅಂತ ಕೇಳೋರು ಇದ್ದೇ ಇರ್ತಾರೆ. ಮೊದಲ ಸುತ್ತಿಗೆ ಬೇಕಾಗಿರೋದು ಎರಡು ದಿನ, ಒಂದು ನೋಟ್‌ಬುಕ್ಕು, ಬಸ್ ಚಾರ್ಜು. ಇದರಿಂದ ಎಷ್ಟು ಮೇಜು ತುಂಬುತ್ತೆ ಅಂತ ಖಂಡಿತ ಹೇಳೋಕೆ ಬರಲ್ಲ, ಅದು ಬೇರೆ ಲೆಕ್ಕ. ಆದ್ರೆ ಯಾವ ಪೇಜು ಬೇಡ, ಯಾವ ಕೋಣೆ ಬೇಕು ಅನ್ನೋದು ಗೊತ್ತಾಗುತ್ತೆ.

ಐದು ಪೇಜು ಯಾಕೆ ಅಂತ ಮಾಲೀಕರು ಕೇಳಿದ್ರೆ, ಒಂದೊಂದು ಪೇಜೂ ಯಾರ ಯಾವ ಪ್ರಶ್ನೆಗೆ ಉತ್ತರ ಅಂತ ತೋರಿಸೋಕಾಗುತ್ತಾ? ಆಗದಿದ್ರೆ ಆ ಪೇಜಿಗೆ ಅವರ ಹತ್ತಿರ ದುಡ್ಡು ಇಸ್ಕೋಬೇಡಿ. ಏನಂತೀರಿ?