'ಅಂದಾಜು' ಎಂದು ಬರೆದರೆ ಸಾಲದು, ಖಚಿತವಾಗುವ ಸಂಜೆಯನ್ನೂ ಬರೆಯಿರಿ

ಪ್ರತಿ ವರ್ಷ ನವೆಂಬರ್ ಸುಮಾರಿಗೆ ರಾಜ್ಯ ಸರ್ಕಾರ ಮುಂದಿನ ವರ್ಷದ ಸಾರ್ವತ್ರಿಕ ರಜೆಗಳ ಪಟ್ಟಿ ಪ್ರಕಟಿಸುತ್ತದೆ. ಅದು ವಾಟ್ಸಾಪ್‌ನಲ್ಲಿ ಬಂದ ಕೂಡಲೇ ನಾವೆಲ್ಲ ಮೊದಲು ನೋಡುವುದು ಎಷ್ಟು ರಜೆ ಭಾನುವಾರಕ್ಕೆ ಬಿದ್ದು ಹಾಳಾಗಿದೆ ಎಂದು. ಪಟ್ಟಿಯ ಕೆಳಗಿರುವ ಸಣ್ಣ ಸೂಚನೆಗಳನ್ನು ಓದುವವರು ಕಡಿಮೆ. ಅವುಗಳಲ್ಲಿ ಒಂದು ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಮುಸ್ಲಿಮರ ಹಬ್ಬ ಪಟ್ಟಿಯಲ್ಲಿರುವ ದಿನ ಬೀಳದಿದ್ದರೆ, ಸರ್ಕಾರಿ ಸೇವೆಯಲ್ಲಿರುವ ಮುಸ್ಲಿಮರಿಗೆ ಆ ರಜೆಯ ಬದಲು ಹಬ್ಬ ನಿಜವಾಗಿ ಆಚರಿಸುವ ದಿನ ರಜೆ ಕೊಡಬಹುದು ಎಂಬುದು ಅದರ ಸಾರಾಂಶ. ಸೂಚನೆ ಒಳ್ಳೆಯದೇ. ಆದರೆ ಅದು ನೌಕರರ ಬಗ್ಗೆ ಮಾತ್ರ ಹೇಳುತ್ತದೆ, ವಿದ್ಯಾರ್ಥಿಗಳ ಹೆಸರು ಅದರಲ್ಲಿಲ್ಲ. ಇನ್ನೊಂದು ಕೊರತೆಯೂ ಇದೆ: ಹಬ್ಬದ ದಿನ ಯಾವಾಗ ಖಚಿತವಾಗುತ್ತದೆ ಎಂದು ಅದು ಹೇಳುವುದಿಲ್ಲ. ನನ್ನ ಮಾತು ಈ ಎರಡನೆಯದರ ಬಗ್ಗೆ.

ಚಂದ್ರನ ಲೆಕ್ಕದ ಹಬ್ಬಗಳೆಲ್ಲ ಅನಿಶ್ಚಿತ ಎಂದು ಹಲವರು ತಿಳಿದಿದ್ದಾರೆ. ಪಟ್ಟಿಯನ್ನು ಸರಿಯಾಗಿ ನೋಡಿದರೆ ಅದರಲ್ಲಿ ಮೂರು ಬಗೆಯ ರಜೆಗಳಿವೆ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಡಿಸೆಂಬರ್ 25 ಎಂದೂ ಜಾಗ ಬಿಡುವುದಿಲ್ಲ. ಎರಡನೆಯ ಬಗೆಯವು ಯುಗಾದಿ, ದೀಪಾವಳಿ, ಗುಡ್ ಫ್ರೈಡೆ. ಇವು ಪ್ರತಿ ವರ್ಷ ಜಾಗ ಬದಲಿಸುತ್ತವೆ, ಇವುಗಳ ಲೆಕ್ಕಕ್ಕೂ ಚಂದ್ರ ಬೇಕು. ಆದರೂ ಇವುಗಳ ಮುಂದೆ ಯಾರೂ 'ಅಂದಾಜು' ಎಂದು ಬರೆಯುವುದಿಲ್ಲ, ಏಕೆಂದರೆ ಇವು ಗಣಿತದಿಂದ ತೀರ್ಮಾನವಾಗುತ್ತವೆ. ಬೇಲೂರಿನ ಚನ್ನಕೇಶವ ಸ್ವಾಮಿಯ ರಥೋತ್ಸವ ಚೈತ್ರದಲ್ಲಿ ಯಾವ ದಿನ ಎಂದು ಪಂಚಾಂಗ ಇದ್ದವರು ವರ್ಷದ ಮೊದಲೇ ಹೇಳಬಲ್ಲರು. ಮೂರನೆಯ ಬಗೆಯವು ಖುತುಬ್-ಎ-ರಂಜಾನ್, ಬಕ್ರೀದ್, ಮೊಹರಂ ಕಡೇ ದಿನ ಮತ್ತು ಈದ್ ಮಿಲಾದ್. ಇವುಗಳಿಗೆ ಚಂದ್ರನ ಲೆಕ್ಕ ಸಾಲದು, ಚಂದ್ರ ಕಣ್ಣಿಗೆ ಕಾಣಬೇಕು. ಅನಿಶ್ಚಿತತೆ ಬರುವುದು ಈ ಕಾಣುವಿಕೆಯಿಂದ.

ಇದನ್ನು ಅರ್ಥ ಮಾಡಿಕೊಳ್ಳಲು 2024 ಮತ್ತು 2025ರಷ್ಟು ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಎರಡೂ ವರ್ಷ ಯುಗಾದಿ ಮತ್ತು ರಂಜಾನ್ ಹಬ್ಬ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬಂದವು.

2024ರಲ್ಲಿ ಅಮಾವಾಸ್ಯೆ ಮುಗಿದದ್ದು ಏಪ್ರಿಲ್ 8ರ ರಾತ್ರಿ, ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಯುಗಾದಿಯ ನಿಯಮದಂತೆ ಮುಂದಿನ ಸೂರ್ಯೋದಯಕ್ಕೆ ಚೈತ್ರ ಶುದ್ಧ ಪಾಡ್ಯ ಇದ್ದರೆ ಸಾಕು. ಹಾಗಾಗಿ 9ನೇ ತಾರೀಖು ಯುಗಾದಿ ಆಯಿತು. ಅಂದು ಸಂಜೆ ನಮಗೆ ರಂಜಾನಿನ 29ನೇ ಉಪವಾಸ. ಸೂರ್ಯ ಮುಳುಗುವ ಹೊತ್ತಿಗೆ ಹೊಸ ಚಂದ್ರನಿಗೆ ಇನ್ನೂ ಹತ್ತೊಂಬತ್ತು ಗಂಟೆಯೂ ತುಂಬಿರಲಿಲ್ಲ. ಹದಿನೈದು ಗಂಟೆಗಿಂತ ಎಳೆಯ ಚಂದ್ರ ಬರಿಗಣ್ಣಿಗೆ ಕಾಣುವುದು ತೀರಾ ಅಪರೂಪ. ಒಂದು ದಿನ ತುಂಬಿದ ಚಂದ್ರ ಮೋಡವಿಲ್ಲದಿದ್ದರೆ ಸಾಮಾನ್ಯವಾಗಿ ಕಾಣುತ್ತಾನೆ. ಹತ್ತೊಂಬತ್ತು ಗಂಟೆ ಎಂದರೆ ನಡುವೆ ಸಿಕ್ಕಿಕೊಂಡಂತೆ, ಒಂದು ಕಡೆ ಕಂಡರೆ ಇನ್ನೊಂದು ಕಡೆ ಕಾಣದಿರಬಹುದು. ಆ ಸಂಜೆ ಹಾಗೆಯೇ ಆಯಿತು. ಕೇರಳದಲ್ಲಿ ಚಂದ್ರದರ್ಶನ ಆಯಿತೆಂದು ಘೋಷಣೆಯಾಗಿ, ಅದನ್ನು ಅನುಸರಿಸುವ ದಕ್ಷಿಣ ಕನ್ನಡ ಮತ್ತು ಉಡುಪಿಯವರು 10ರಂದು ಈದ್ ಮಾಡಿದರು. ಘಟ್ಟದ ಮೇಲಿನ ನಾವು ಮೂವತ್ತು ಉಪವಾಸ ಪೂರ್ತಿ ಮಾಡಿ 11ರಂದು ಮಾಡಿದೆವು. ಸರ್ಕಾರಿ ಪಟ್ಟಿಯಲ್ಲಿ ಇದ್ದದ್ದು 11. ಒಂದೇ ರಾಜ್ಯ, ಒಂದೇ ಪಟ್ಟಿ, ಎರಡು ಈದ್.

2025ರಲ್ಲಿ ಅಮಾವಾಸ್ಯೆ ಮಾರ್ಚ್ 29ರ ಸಂಜೆ ನಾಲ್ಕೂವರೆ ಸುಮಾರಿಗೆ ಮುಗಿಯಿತು. 30ರಂದು ಯುಗಾದಿ. ಅಂದು ಸಂಜೆ ಚಂದ್ರನಿಗೆ ಇಪ್ಪತ್ತಾರು ಗಂಟೆ ತುಂಬಿತ್ತು. ಚಂದ್ರ ಕಂಡ, 31ರಂದು ಕರಾವಳಿ, ಮಲೆನಾಡು, ಬಯಲುಸೀಮೆ ಎಲ್ಲ ಕಡೆ ಈದ್ ಆಯಿತು. ಹಿಂದಿನ ವರ್ಷ ಯುಗಾದಿಗೂ ನಮ್ಮ ಈದ್‌ಗೂ ಎರಡು ದಿನ ಅಂತರ, ಆ ವರ್ಷ ಒಂದೇ ದಿನ. ವ್ಯತ್ಯಾಸ ಇಷ್ಟೇ: ಯುಗಾದಿ ಬೆಳಗ್ಗೆ ತಿಥಿ ಇದೆಯೇ ಎಂದು ಕೇಳುತ್ತದೆ, ಈದ್ ಸಂಜೆ ಚಂದ್ರ ಕಂಡನೇ ಎಂದು ಕೇಳುತ್ತದೆ.

ಇನ್ನು 'ಅಂದಾಜು' ಎಂಬ ಪದಕ್ಕೆ ಬರೋಣ. ಆ ಪದ ಓದಿದವರಿಗೆ ದಿನಾಂಕ ಎಲ್ಲಿ ಬೇಕಾದರೂ ಹೋಗಬಹುದು ಎನಿಸುತ್ತದೆ. "ನಿಮ್ಮ ಹಬ್ಬ ಕೊನೇ ಘಳಿಗೆವರೆಗೂ ಗೊತ್ತಾಗಲ್ಲ ಅಲ್ವಾ" ಎಂದು ಗೆಳೆಯರು ಕೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಇಸ್ಲಾಮಿ ತಿಂಗಳಿಗೆ 29 ದಿನ ಇರಬಹುದು ಅಥವಾ 30, ಮೂರನೆಯ ಸಾಧ್ಯತೆ ಇಲ್ಲ. 2024ರಲ್ಲಿ ಮಾರ್ಚ್ 11ರ ಸಂಜೆ ಚಂದ್ರ ಕಂಡು 12ಕ್ಕೆ ಮೊದಲ ಉಪವಾಸ ಶುರುವಾಯಿತು. ಅಂದೇ ಬೆರಳು ಎಣಿಸಿದ್ದರೆ ಈದ್ ಏಪ್ರಿಲ್ 10 ಇಲ್ಲವೇ 11 ಎಂದು ಯಾರಾದರೂ ಹೇಳಬಹುದಿತ್ತು. ಒಂದು ತಿಂಗಳು ಮೊದಲೇ ಉಳಿದದ್ದು ಎರಡು ದಿನ ಮಾತ್ರ, ಅವುಗಳಲ್ಲಿ ಯಾವುದೆಂದು ತೀರ್ಮಾನವಾಗುವ ಸಂಜೆ 9 ಎಂಬುದೂ ಗೊತ್ತಿತ್ತು.

ಉಳಿದ ಮೂರು ರಜೆಗಳ ವಿಷಯ ಇನ್ನೂ ಸುಲಭ. ರಂಜಾನ್ ಈದ್ ಶವ್ವಾಲ್ ತಿಂಗಳ ಮೊದಲ ದಿನ, ಅದಕ್ಕೇ ಹಿಂದಿನ ರಾತ್ರಿಯವರೆಗೆ ಕಾಯಬೇಕು. ಬಕ್ರೀದ್ ಜಿಲ್ಹಜ್ ತಿಂಗಳ ಹತ್ತನೆಯ ದಿನ. ಮೊಹರಂ ಕಡೇ ದಿನವೂ ಆ ತಿಂಗಳ ಹತ್ತು. ಮಿಲಾದ್ ರಬೀ ಉಲ್ ಅವ್ವಲ್ ಹನ್ನೆರಡು. ತಿಂಗಳ ಚಂದ್ರ ಕಂಡ ಸಂಜೆಯೇ ಹಬ್ಬದ ದಿನ ಖಚಿತವಾಗಿಬಿಡುತ್ತದೆ, ಹಬ್ಬಕ್ಕೆ ಇನ್ನೂ ಹತ್ತು ಹನ್ನೆರಡು ದಿನ ಇರುತ್ತದೆ. 2025ರಲ್ಲಿ ಮೇ 28ರ ಸಂಜೆ ಜಿಲ್ಹಜ್ ಚಂದ್ರ ಕಂಡಿತು, ಆ ರಾತ್ರಿಯೇ ಬಕ್ರೀದ್ ಜೂನ್ 7 ಎಂದು ಎಲ್ಲರಿಗೂ ಗೊತ್ತಾಯಿತು. ಆದರೆ ಪಟ್ಟಿಯಲ್ಲಿ ನಾಲ್ಕಕ್ಕೂ ಸೇರಿ ಒಂದೇ ಸೂಚನೆ. ಒಂದು ರಾತ್ರಿಯ ಅವಕಾಶ ಇರುವ ಹಬ್ಬವನ್ನೂ ಹತ್ತು ದಿನದ ಅವಕಾಶ ಇರುವ ಹಬ್ಬವನ್ನೂ ಅದು ಒಂದೇ ತಕ್ಕಡಿಯಲ್ಲಿ ಇಡುತ್ತದೆ.

ಮೊದಲೇ ಗೊತ್ತಿರುವ ರಜೆಗೂ ಆಮೇಲೆ ಬಂದ ರಜೆಗೂ ವ್ಯತ್ಯಾಸ ಇದೆ ಎಂಬುದು ಕಾಮರ್ಸ್ ಓದುವವರಿಗೆ ಹೊಸದಲ್ಲ. ವಿನಿಮಯ ಬಿಲ್ಲಿನ ಪಾಠ ನೆನಪಿಸಿಕೊಳ್ಳಿ. ಬಿಲ್ಲಿನ ವಾಯಿದೆ, ಮೂರು ರಿಯಾಯಿತಿ ದಿನಗಳೂ ಸೇರಿ, ಆಗಸ್ಟ್ 15ಕ್ಕೆ ಬಿದ್ದರೆ ಹಣವನ್ನು ಹಿಂದಿನ ಕೆಲಸದ ದಿನವೇ ಕೊಡಬೇಕು. ರಜೆ ಇದೆಯೆಂದು ಬಿಲ್ಲು ಬರೆದವನಿಗೆ ಮೊದಲೇ ಗೊತ್ತಿತ್ತಲ್ಲ. ವಾಯಿದೆಯ ದಿನವೇ ತುರ್ತಾಗಿ ಸರ್ಕಾರ ರಜೆ ಘೋಷಿಸಿದರೆ ಮಾತ್ರ ಹಣ ಕೊಡುವುದು ಮುಂದಿನ ಕೆಲಸದ ದಿನ. ಗೊತ್ತಿದ್ದ ರಜೆಗೆ ಹಿಂದಕ್ಕೆ, ಗೊತ್ತಿರದ ರಜೆಗೆ ಮುಂದಕ್ಕೆ. 1881ರ ಕಾಯ್ದೆಯ ಕಾಲದ ವ್ಯಾಪಾರಿಗಳು ಇಷ್ಟು ಯೋಚಿಸಿದ್ದರೆ, ನಮ್ಮ ಪರೀಕ್ಷಾ ವೇಳಾಪಟ್ಟಿಗಳೂ ಯೋಚಿಸಬಹುದು. ಕೇಂದ್ರ ಸರ್ಕಾರದ ರಜೆಯ ಸುತ್ತೋಲೆಯಲ್ಲೂ ಇಂಥ ಒಂದು ಮಾತಿದೆ: ಇಂಥ ಹಬ್ಬಗಳ ದಿನ ಕೊನೆಗಳಿಗೆಯಲ್ಲಿ ಬದಲಾದರೆ ಆಕಾಶವಾಣಿ, ಟಿವಿ, ಪತ್ರಿಕೆಗಳ ಪ್ರಕಟಣೆಯ ಮೇಲೆಯೇ ಕಚೇರಿಗಳು ನಡೆದುಕೊಳ್ಳಬಹುದು, ಆದೇಶದ ಪ್ರತಿಗೆ ಕಾಯಬೇಕಿಲ್ಲ.

ನಮ್ಮ ಕಾಲೇಜಿನಲ್ಲಿ ಈದ್ ದಿನ ಬಾಗಿಲು ತೆರೆದಿರುವುದಿಲ್ಲ, ನಿಜ. ತೊಂದರೆ ಆಗುವುದು ಅದರ ಅಕ್ಕಪಕ್ಕದ ದಿನಕ್ಕೆ. ಪಟ್ಟಿಯ ದಿನ ರಜೆ ಎಂದು ಬಿಟ್ಟು ಮರುದಿನಕ್ಕೆ ಟೆಸ್ಟ್ ಇಟ್ಟರೆ, ಈದ್ ಒಂದು ದಿನ ಮುಂದೆ ಹೋದಾಗ ಟೆಸ್ಟ್ ಕೂಡ ರಾತ್ರಿ ಹತ್ತಕ್ಕೆ ಗ್ರೂಪ್‌ನಲ್ಲಿ ಬಂದ ಮೆಸೇಜಿನಿಂದ ಮುಂದಕ್ಕೆ ಹೋಗುತ್ತದೆ. ಫೋನು ಮನೆಯವರ ಕೈಯಲ್ಲಿರುವ ಹುಡುಗಿಗೆ ಆ ಮೆಸೇಜು ತಲುಪುವುದಿಲ್ಲ. ಬೇಲೂರು, ಹಳೇಬೀಡು ಕಡೆಯಿಂದ ಬೆಳಗಿನ ಬಸ್ಸಿಗೆ ಬರುವವರು, ಅದರಲ್ಲೂ ಈದ್ ಆಚರಿಸದ ನಮ್ಮ ಸಹಪಾಠಿಗಳು, ಬಂದು ಗೇಟು ನೋಡಿ ವಾಪಸ್ ಹೋಗುತ್ತಾರೆ. ಚಂದ್ರ ಕಾಣದಿದ್ದರೆ ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಕಾಣದಿರಬಹುದಾದ ಸಂಜೆ ಯಾವುದೆಂದು ತಿಂಗಳ ಮೊದಲೇ ಗೊತ್ತಿದ್ದೂ ಅದರ ಮರುದಿನ, ಮೂರನೆಯ ದಿನಕ್ಕೆ ಟೆಸ್ಟ್ ಇಡುವುದು ತಪ್ಪಿಸಬಹುದಾದ ವಿಷಯ.

ಹಾಗಾದರೆ ಚಂದ್ರ ನೋಡುವುದನ್ನು ಬಿಟ್ಟು ಲೆಕ್ಕದಿಂದಲೇ ನಿಗದಿ ಮಾಡಬಾರದೇ ಎಂದು ಕೆಲವರು ಕೇಳುತ್ತಾರೆ. ಟರ್ಕಿಯಲ್ಲಿ ಹಾಗೆ ಮಾಡುತ್ತಾರೆ. ಇಲ್ಲಿ ಮಾಡಬೇಕೇ ಬೇಡವೇ ಎಂಬುದು ಉಲಮಾಗಳು ತೀರ್ಮಾನಿಸಬೇಕಾದ ವಿಷಯ, ಪಿಯುಸಿ ವಿದ್ಯಾರ್ಥಿಯದಲ್ಲ. ಕಾಲೇಜಿನ ಕ್ಯಾಲೆಂಡರ್ ಸರಿ ಮಾಡಲು ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಯೂ ಇಲ್ಲ.

ಎರಡು ದಿನ ಬಿಟ್ಟರೆ ಒಂದು ದಿನದ ಪಾಠ ಹೋಗುತ್ತದೆ ಎಂಬ ಆಕ್ಷೇಪವೂ ಬರಬಹುದು. ಎರಡೂ ದಿನ ರಜೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಈದ್ ಅಲ್ಲದ ದಿನ ಮಾಮೂಲಿ ತರಗತಿ ನಡೆಯಲಿ. ಟೆಸ್ಟ್, ಪ್ರಾಕ್ಟಿಕಲ್, ಶುಲ್ಕ ಕಟ್ಟುವ ಕೊನೆಯ ದಿನ ಇವು ಮಾತ್ರ ಆ ಎರಡು ದಿನಗಳ ಮೇಲೆ ಬೀಳದಿರಲಿ.

ಕ್ಯಾಲೆಂಡರ್ ತಯಾರಿಸುವ ನಮ್ಮ ಉಪನ್ಯಾಸಕರಲ್ಲಿ ಕೇಳುವುದು ಇಷ್ಟೇ. ನಾಲ್ಕು ಹಬ್ಬಗಳ ಮುಂದೆ 'ಅಂದಾಜು' ಎಂದು ಬರೆದು ಬಿಡುವ ಬದಲು, ಆಗಬಹುದಾದ ಎರಡೂ ದಿನಾಂಕ ಮತ್ತು ಚಂದ್ರ ನೋಡುವ ಸಂಜೆ ಯಾವುದೆಂದು ಬರೆಯಿರಿ. ಬಕ್ರೀದ್, ಮೊಹರಂ, ಮಿಲಾದ್‌ಗೆ ಆ ಸಂಜೆಯ ಮರುದಿನವೇ ನೋಟಿಸ್ ಬೋರ್ಡಿನಲ್ಲಿ ಖಚಿತ ದಿನಾಂಕ ಹಾಕಿಸಿ, ಹತ್ತು ದಿನ ಮೊದಲೇ ಎಲ್ಲರಿಗೂ ಗೊತ್ತಾಗುತ್ತದೆ. ರಂಜಾನ್‌ಗೆ ಮೊದಲ ಉಪವಾಸದ ದಿನ ಎರಡೂ ದಿನಾಂಕಗಳನ್ನು ಇನ್ನೊಮ್ಮೆ ಸರಿನೋಡಿ ಹಾಕಿಸಿ, ಏಕೆಂದರೆ ಆ ತಿಂಗಳೂ ಒಂದು ದಿನ ಆಚೀಚೆ ಶುರುವಾಗಿರಬಹುದು. ಕ್ಯಾಲೆಂಡರಿನಲ್ಲಿ ಇದಕ್ಕೆ ಬೇಕಾಗುವ ಜಾಗ ನಾಲ್ಕು ಸಾಲು.