ದೊಡ್ಡ ಪ್ಯಾಕ್ ಡಯಾಪರ್ ಯಾವಾಗಲೂ ಅಗ್ಗವೇ? ಒಂದು ಪೀಸ್‌ನ ಲೆಕ್ಕ ಹೀಗಿದೆ

“ಡಯಾಪರ್ 40% ಆಫ್, ದೊಡ್ಡ ಪ್ಯಾಕ್ ತಗೊಳ್ಳಿ, ಇವತ್ತೇ ಕೊನೆ ದಿನ” ಎನ್ನುವ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಪ್ಯಾಕ್ ದೊಡ್ಡದಾದಷ್ಟೂ ಉಳಿತಾಯ ಹೆಚ್ಚು ಎಂದು ಬಹಳಷ್ಟು ಜನ ನಂಬಿದ್ದಾರೆ. ಇದು ಎಷ್ಟು ನಿಜ? ನೋಡೋಣ.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದೇ ಕಂಪನಿಯ ಎಸ್ ಸೈಜ್ ಡಯಾಪರ್ ಎಂದುಕೊಳ್ಳಿ. ಪಕ್ಕದ ಮೆಡಿಕಲ್ ಶಾಪಿನಲ್ಲಿ 34 ಪೀಸ್‌ಗೆ 425 ರೂಪಾಯಿ. ಆ್ಯಪ್‌ನಲ್ಲಿ 76 ಪೀಸ್‌ನ ಪ್ಯಾಕಿಗೆ 1,599 ರೂಪಾಯಿ ಎಂಆರ್‌ಪಿ, 40% ರಿಯಾಯಿತಿ ಕಳೆದು 959 ರೂಪಾಯಿ. ಅಂಗಡಿಯದ್ದು ಒಂದಕ್ಕೆ 12.50 ರೂಪಾಯಿ ಬೀಳುತ್ತದೆ, ಆ್ಯಪ್‌ನದ್ದು 12.62. ಅಂದರೆ 40% ಆಫ್ ಇದ್ದರೂ ಅಂಗಡಿಯದ್ದೇ ಅಗ್ಗ! ರಿಯಾಯಿತಿಯನ್ನು ಎಂಆರ್‌ಪಿ ಮೇಲೆ ಲೆಕ್ಕ ಹಾಕುತ್ತಾರೆ. ಆದರೆ ಆ ಎಂಆರ್‌ಪಿಗೆ ಯಾರೂ ಮಾರದೇ ಇರಬಹುದು. ಆದ್ದರಿಂದ ಡೆಲಿವರಿ ಶುಲ್ಕವನ್ನೂ ಸೇರಿಸಿ, ನಾವು ನಿಜವಾಗಿ ಕೊಡುವ ಹಣವನ್ನು ಪೀಸ್‌ಗಳ ಸಂಖ್ಯೆಯಿಂದ ಭಾಗಿಸಬೇಕು.

ಪ್ಯಾಕಿನ ಮೇಲೆ ‘ಯುನಿಟ್ ಸೇಲ್ ಪ್ರೈಸ್’ ಎಂದು ಒಂದು ಪೀಸ್‌ನ ಬೆಲೆಯೂ ಮುದ್ರಿತವಾಗಿರುತ್ತದೆ. ಪ್ಯಾಕ್ ಮಾಡಿದ ವಸ್ತುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯಿಂದ ಇದು ಬಂದಿದೆ. ಆದರೆ ಅದೂ ಎಂಆರ್‌ಪಿ ಆಧಾರದ ಲೆಕ್ಕ. ಎರಡು ಪ್ಯಾಕ್‌ಗಳ ಎಂಆರ್‌ಪಿ ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ, ರಿಯಾಯಿತಿ ಬೆಲೆಯನ್ನು ಹೋಲಿಸಲು ಅಲ್ಲ.

ಹಾಗಾದರೆ ಇನ್ನೂ ದೊಡ್ಡ ಪ್ಯಾಕ್?

ಅದೇ ಆ್ಯಪ್‌ನಲ್ಲಿ 152 ಪೀಸ್‌ಗೆ 1,748 ರೂಪಾಯಿ ಇದೆ ಎಂದುಕೊಳ್ಳಿ. ಒಂದಕ್ಕೆ 11.50. ಅಂಗಡಿಗಿಂತ ಒಂದು ರೂಪಾಯಿ ಕಡಿಮೆ, ಅಂದರೆ 8% ಉಳಿತಾಯ. ಆದರೆ ಮಗು ಬೆಳೆಯುತ್ತಿರುತ್ತದೆ. ಹುಟ್ಟಿದಾಗ 3 ಕೆ.ಜಿ. ಇದ್ದ ಮಗು ಸುಮಾರು ಐದು ತಿಂಗಳಿಗೆ 6 ಕೆ.ಜಿ. ಆಗುತ್ತದೆ. ಎಸ್ ಸೈಜ್ ಸಾಮಾನ್ಯವಾಗಿ 4ರಿಂದ 8 ಕೆ.ಜಿ. ತೂಕದ ಮಕ್ಕಳಿಗೆ. 152 ಡಯಾಪರ್, ದಿನಕ್ಕೆ ಆರರಂತೆ ಬಳಸಿದರೆ 25 ದಿನ ಬರುತ್ತದೆ.

ಮಗು 5 ಕೆ.ಜಿ. ಇದ್ದಾಗ ಕೊಂಡರೆ ಚಿಂತೆಯಿಲ್ಲ. 7.5 ಕೆ.ಜಿ. ದಾಟಿದ ಮೇಲೆ ಕೊಂಡರೆ, ಪ್ಯಾಕ್ ಮುಗಿಯುವ ಮೊದಲೇ ಡಯಾಪರ್ ಬಿಗಿಯಾಗಬಹುದು. ತೊಡೆಯ ಸುತ್ತ ಕೆಂಪು ಗೆರೆ ಮೂಡುವುದು, ಅಂಚಿನಿಂದ ಮೂತ್ರ ಸೋರುವುದು ಇದರ ಗುರುತು. 40 ಪೀಸ್ ಉಳಿದುಹೋದರೆ ನೀವು ಬಳಸಿದ್ದು 112 ಮಾತ್ರ. 1,748ನ್ನು 112ರಿಂದ ಭಾಗಿಸಿದರೆ ಒಂದಕ್ಕೆ 15.61 ರೂಪಾಯಿ! ಈ ಉದಾಹರಣೆಯಲ್ಲಿ ಬರೀ 13 ಪೀಸ್ ವ್ಯರ್ಥವಾದರೂ ಸಾಕು, ಅಂಗಡಿಯ ಸಣ್ಣ ಪ್ಯಾಕೇ ಲಾಭ. ಸುಲಭವಾಗಿ ನೆನಪಿಡಬೇಕೆಂದರೆ, ದೊಡ್ಡ ಪ್ಯಾಕಿನಲ್ಲಿ ಶೇಕಡಾ ಎಷ್ಟು ಉಳಿಯುತ್ತದೋ ಅಷ್ಟು ಶೇಕಡಾ ಪೀಸ್ ವ್ಯರ್ಥವಾದರೆ ಲಾಭ ಸೊನ್ನೆ.

ಹೋಲಿಸುವಾಗ ಸೈಜ್ ಒಂದೇ ಇರಲಿ. ಸೈಜ್ ದೊಡ್ಡದಾದಂತೆ ಸಾಮಾನ್ಯವಾಗಿ ಒಂದು ಪೀಸ್‌ನ ಬೆಲೆಯೂ ಏರುತ್ತದೆ. ಹಲವು ಕಂಪನಿಗಳಲ್ಲಿ ಎಂ ಸೈಜ್ 7ರಿಂದ 12, ಎಲ್ ಸೈಜ್ 9ರಿಂದ 14 ಕೆ.ಜಿ. ಇರುತ್ತದೆ. 10 ಕೆ.ಜಿ. ಮಗುವಿಗೆ ಎರಡೂ ಆಗುತ್ತವೆ. ಎಂ ಬಿಗಿಯಾಗದಿದ್ದರೆ, ಸೋರದಿದ್ದರೆ, ಎಲ್‌ಗೆ ಅವಸರ ಬೇಡ.

ಸಬ್‌ಸ್ಕ್ರಿಪ್ಷನ್ ರಿಯಾಯಿತಿ

ಪ್ರತಿ ತಿಂಗಳು ತಾನಾಗಿಯೇ ಬರುವಂತೆ ಆರ್ಡರ್ ಮಾಡಿದರೆ 5% ಕಡಿಮೆ ಎನ್ನುತ್ತಾರೆ. ನಮ್ಮ 76 ಪೀಸ್‌ನ ಪ್ಯಾಕ್ ಆಗ 911 ರೂಪಾಯಿಗೆ ಸಿಗುತ್ತದೆ, ಒಂದಕ್ಕೆ 11.99. ಒಳ್ಳೆಯದೇ. ಆದರೆ ಹಲವು ಕಡೆ ಸ್ಥಿರವಾಗಿರುವುದು 5% ಮಾತ್ರ, ಮೂಲ ಬೆಲೆಯಲ್ಲ. ಮುಂದಿನ ತಿಂಗಳು ಅದೇ ಪ್ಯಾಕ್ 1,049 ಆದರೆ, 5% ಕಳೆದರೂ 997 ರೂಪಾಯಿ, ಒಂದಕ್ಕೆ 13.12. ಮೊಬೈಲಿಗೆ ಬರುವ ‘ನಿಮ್ಮ ಆರ್ಡರ್ ಸಿದ್ಧವಾಗುತ್ತಿದೆ’ ಎಂಬ ಸಂದೇಶವನ್ನು ತೆರೆದು ಆ ತಿಂಗಳ ಬೆಲೆ ನೋಡಿ. ಹೆಚ್ಚಿದ್ದರೆ ಆ ಸಲಕ್ಕೆ ಬೇಡ ಎನ್ನಿ. ಮಗುವಿನ ಸೈಜ್ ಬದಲಾದಾಗ ಆರ್ಡರ್‌ನಲ್ಲೂ ಬದಲಿಸಲು ಮರೆಯಬೇಡಿ.

ವೈಪ್ಸ್‌ಗೂ ಇದೇ ಲೆಕ್ಕ, ಆದರೆ ಹಾಳೆಯ ಅಳತೆಯನ್ನೂ ನೋಡಿ. ಹಾಳೆ ಚಿಕ್ಕದಾಗಿ ಒಂದರ ಬದಲು ಎರಡು ಬೇಕಾದರೆ ಬೆಲೆಯೂ ಎರಡರಷ್ಟಾಯಿತು. ಲೋಷನ್, ಎಣ್ಣೆಯಂಥವನ್ನು 100 ಮಿ.ಲೀ.ಗೆ ಎಷ್ಟು ಎಂದು ಹೋಲಿಸಿ.

ತೀರ್ಮಾನ: ‘ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ’ ಎನ್ನುವುದು ಅರ್ಧ ಸತ್ಯ. ಕೊಟ್ಟ ಹಣವನ್ನು, ಮಗು ನಿಜವಾಗಿ ಬಳಸುವ ಪೀಸ್‌ಗಳಿಂದ ಭಾಗಿಸಿ ಬರುವುದೇ ಸರಿಯಾದ ಬೆಲೆ. ಮುಂದಿನ ಸಲ ಆಫರ್ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಫೋನಿನ ಕ್ಯಾಲ್ಕುಲೇಟರ್ ತೆರೆಯಿರಿ.