ಅಂಚೆ ನಿಂತಿತು, ಮಿಂಚಂಚೆ ನಿಲ್ಲಲಿಲ್ಲ: ಪದಗಳ ಅಳಿವು ಉಳಿವಿನ ಲೆಕ್ಕ

ಕೊಳ್ಳೇಗಾಲ ಸಮೀಪದ ಕುಂತೂರಿನಲ್ಲಿ 'ಅಂಚೆ' ಎಂದರೆ ಯಾರಿಗೂ ಅರ್ಥ ವಿವರಿಸಬೇಕಿಲ್ಲ. ಅದೇ ಪದಕ್ಕೆ ಮಿಂಚು ಸೇರಿಸಿ 'ಮಿಂಚಂಚೆ' ಎಂದರೆ ಪದವೀಧರನೂ ಕ್ಷಣಕಾಲ ಯೋಚಿಸಿ, 'ಇ-ಮೇಲ್ ತಾನೇ?' ಎಂದು ಕೇಳುತ್ತಾನೆ. ಎರಡೂ ಕನ್ನಡದ ಪದಗಳೇ. ಒಂದು ಬೇರೂರಿತು, ಇನ್ನೊಂದು ಪತ್ರಿಕೆಗಳ ಪುಟದಲ್ಲೇ ಉಳಿಯಿತು.

ಈ ವ್ಯತ್ಯಾಸಕ್ಕೆ ಕಾರಣ ಚರಿತ್ರೆಯಲ್ಲಿದೆ. ಅಂಚೆ ಎಂಬುದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ವ್ಯವಸ್ಥೆ. ಅದು 1889ರಲ್ಲಿ ಬ್ರಿಟಿಷ್ ಭಾರತದ ಇಲಾಖೆಯೊಂದಿಗೆ ವಿಲೀನವಾಯಿತು. ವ್ಯವಸ್ಥೆ ಹೋದರೂ ಹೆಸರು ಹೋಗಲಿಲ್ಲ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿನ ಅಂಚೆಗೆ ಹೊರಗಿದ್ದ ಈ ನೆಲದಲ್ಲೂ ಇಂದು ಫಲಕದ ಮೇಲಿರುವುದು 'ಅಂಚೆ ಕಚೇರಿ'ಯೇ. ಮಿಂಚಂಚೆಯ ಕಥೆ ತಿರುವುಮುರುವು. ಜನ ಇ-ಮೇಲ್ ಕಲಿತದ್ದು ಇಂಗ್ಲಿಷ್ ಪರದೆಯ ಮೇಲೆ. ಕನ್ನಡದ ಹೆಸರು ಬಂದಾಗ ನಾಲಿಗೆ ಆಗಲೇ ಪಳಗಿತ್ತು.

ಫ್ರಾನ್ಸಿನ ಅನುಭವವೂ ಭಿನ್ನವಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದ 'ಕುರಿಯೆಲ್' ಎಂಬ ಪದವನ್ನು ಫ್ರೆಂಚ್ ಸರ್ಕಾರ 2003ರ ಜೂನ್‌ನಲ್ಲಿ ರಾಜಪತ್ರದಲ್ಲಿ ಪ್ರಕಟಿಸಿ, ತನ್ನ ಕಡತಗಳಲ್ಲಿ 'ಇ-ಮೇಲ್' ಬದಲು ಅದನ್ನೇ ಬಳಸಬೇಕೆಂದಿತು. ಕಡತಗಳು ಒಪ್ಪಿದವು. ಪ್ಯಾರಿಸ್ಸಿನ ಮಾತುಕತೆ ಮಾತ್ರ ಇಂದಿಗೂ 'ಮೇಲ್' ಎನ್ನುತ್ತದೆ. ಆದರೆ ಕಂಪ್ಯೂಟರಿಗೆ 1955ರಲ್ಲೇ ಸೂಚಿತವಾದ 'ಓರ್ದಿನಾತರ್' ಮನೆಮಾತಾಗಿದೆ. ಯಂತ್ರ ಮಾರುಕಟ್ಟೆಗೆ ಬರುವಾಗಲೇ, ಮಾರುವ ಐಬಿಎಂ ಸಂಸ್ಥೆಯೇ ಆ ಹೆಸರನ್ನು ಬಳಸಿದ್ದು ಇದಕ್ಕೆ ಕಾರಣ.

ಕುಂತೂರಿನ ರೈತನ ಬಳಿಯೇ ಮತ್ತೊಂದು ಸಾಕ್ಷ್ಯವಿದೆ. ಜಮೀನಿನ ಹಕ್ಕು, ಗೇಣಿ, ಬೆಳೆಗಳ ದಾಖಲೆಗೆ ಇಂಗ್ಲಿಷಿನಲ್ಲಿ 'ಆರ್‌ಟಿಸಿ' ಎಂದು ಹೆಸರು. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ಅದು ಗಣಕೀಕೃತವಾದರೂ ರೈತ ಕೇಳುವುದು 'ಪಹಣಿ'. ಇದು ಅಚ್ಚಗನ್ನಡವೂ ಅಲ್ಲ, ಮರಾಠಿ ಮೂಲದ್ದು. ಸಾಲಕ್ಕೆ, ಪರಿಹಾರಕ್ಕೆ, ಮಾರಾಟಕ್ಕೆ ಆ ಕಾಗದ ಬೇಕೇ ಬೇಕು. ಕಾಗದದೊಡನೆ ಪದವೂ ಉಳಿಯಿತು. ಪದದ ಆಯುಷ್ಯವನ್ನು ನಿರ್ಧರಿಸುವುದು ಅದರ ಮೂಲವಲ್ಲ, ಬಳಕೆಯ ಅನಿವಾರ್ಯತೆ.

ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯಿದೆಯನ್ನು ಈ ದೃಷ್ಟಿಯಿಂದ ನೋಡಬೇಕು. ನಾಮಫಲಕದ ಶೇ 60ರಷ್ಟು ಭಾಗ ಕನ್ನಡಕ್ಕೆ ಮೀಸಲೆಂದು 2024ರಲ್ಲಿ ತಿದ್ದುಪಡಿಯಾಯಿತು. ಆದರೆ 'ಮೆಡಿಕಲ್ ಸ್ಟೋರ್ಸ್' ಎಂದು ಕನ್ನಡ ಅಕ್ಷರದಲ್ಲಿ ಬರೆದ ಫಲಕಗಳು ಎಲ್ಲ ಪೇಟೆಗಳಲ್ಲೂ ಇವೆ. ಲಿಪಿ ಬದಲಾಗಿದೆ, ಪದ ಬದಲಾಗಿಲ್ಲ. ಬಳಕೆಯಾದ ಪದವನ್ನು ಕಿತ್ತು ಹಾಕುವುದು ಕಾಯಿದೆಯಿಂದ ಆಗದ ಕೆಲಸ. ನಾಳೆ ಬರಲಿರುವ ಸೇವೆಯ ಮೊದಲ ಅರ್ಜಿ ನಮೂನೆಯಲ್ಲೇ ಕನ್ನಡದ ಹೆಸರನ್ನು ಅಚ್ಚು ಮಾಡುವುದು ಮಾತ್ರ ಸರ್ಕಾರದ ಕೈಯಲ್ಲೇ ಇದೆ.